ಐಸ್ ಪ್ಲಾಂಟಿನ ಕರೆಂಟ್ ಲೆಕ್ಕ: ಮೀಟರ್ ರೀಡಿಂಗ್‌ನಿಂದ ಎಚ್ಚರಿಕೆಯವರೆಗೆ

ಕಾರವಾರದ ಬೈತಖೋಲ ಬಂದರಿನ ದೋಣಿಗಳಿಗೆ ಐಸ್ ಕೊಡುವ ಒಂದು ಪ್ಲಾಂಟಿನ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಇಲ್ಲಿ ಕಚ್ಚಾ ಮಾಲು ಅಂದರೆ ನೀರು ಮತ್ತು ಕರೆಂಟ್, ಅಷ್ಟೇ. ದೊಡ್ಡ ಖರ್ಚು ಕರೆಂಟಿನದು. ಹಾಗಾಗಿ ಪ್ರತಿ ತಿಂಗಳ ರೀಡಿಂಗನ್ನು ಒಂದು ಸ್ಪ್ರೆಡ್‌ಶೀಟಿಗೆ ಹಾಕಿ, ಎಲ್ಲಿ ಕರೆಂಟ್ ಸುಮ್ನೆ ಪೋಲಾಗುತ್ತಿದೆ ಎಂದು ಹಿಡಿಯುವ ಒಂದು ವಿಧಾನ ಮಾಡಿಕೊಂಡಿದ್ದೇನೆ. ಅದನ್ನು ಒಂದು ತಿಂಗಳ ಉದಾಹರಣೆಯೊಂದಿಗೆ ಹೇಳುತ್ತೇನೆ.

ಮೊದಲ ಕೆಲಸ ಸುಲಭ. ನಮ್ಮದು ಎಚ್‌ಟಿ, ಅಂದರೆ ಹೈ ಟೆನ್ಷನ್ ಸಂಪರ್ಕ. ಮೀಟರಿನಲ್ಲಿ ಕಾಣುವ ಅಂಕಿಯೇ ಯೂನಿಟ್ ಅಲ್ಲ. ಈ ತಿಂಗಳ ರೀಡಿಂಗ್‌ನಿಂದ ಹಿಂದಿನದನ್ನು ಕಳೆದು, ಬಿಲ್ಲಿನಲ್ಲಿ ಅಚ್ಚಾಗಿರುವ ಗುಣಕದಿಂದ ಗುಣಿಸಬೇಕು. ನಮ್ಮ ಗುಣಕ 20. ಮೀಟರ್ ಬದಲಾದ ತಿಂಗಳು ಮಾತ್ರ ಹಳೆ ಮೀಟರಿನ ಕೊನೆಯ ರೀಡಿಂಗ್ ಮತ್ತು ಹೊಸದರ ಮೊದಲ ರೀಡಿಂಗ್ ಎರಡನ್ನೂ ಬರೆದಿಟ್ಟುಕೊಳ್ಳಿ. ಗುಣಕವೂ ಬದಲಾಗಿದೆಯಾ ನೋಡಿ.

ಎಷ್ಟು ದಿನದ ರೀಡಿಂಗ್ ಎನ್ನುವುದನ್ನೂ ಬರೆಯಲೇಬೇಕು. ಒಮ್ಮೆ 30 ದಿನಕ್ಕೆ ಓದುತ್ತಾರೆ, ಒಮ್ಮೆ 34 ದಿನಕ್ಕೆ. ದಿನದ ಲೆಕ್ಕಕ್ಕೆ ಇಳಿಸದೆ ಎರಡು ತಿಂಗಳನ್ನು ಹೋಲಿಸಿದರೆ ಅರ್ಥವೇ ಇಲ್ಲ.

ಇನ್ನು ಒಂದು ಯೂನಿಟ್ಟಿಗೆ ಎಷ್ಟು ಬಿತ್ತು ಎನ್ನುವುದು. ಬಿಲ್ಲಿನ ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿದರೆ ಬಂತು. ಆದರೆ ಈ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಬಿಲ್ಲಿನಲ್ಲಿ ಎರಡು ಭಾಗ ಇರುತ್ತದೆ. ಒಂದು ಬಳಕೆಗೆ ತಕ್ಕಂತೆ ಏರುವುದು, ಇನ್ನೊಂದು ಡಿಮ್ಯಾಂಡ್ ಶುಲ್ಕ. ಎರಡನೆಯದು ಪ್ಲಾಂಟ್ ಓಡಲಿ ಬಿಡಲಿ, ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಲೆಕ್ಕ ಸುಲಭವಾಗಲಿ ಎಂದು ಯೂನಿಟ್ಟಿಗೆ 7 ರೂಪಾಯಿ, ಡಿಮ್ಯಾಂಡ್ ಶುಲ್ಕ 34,000 ಎಂದು ಇಟ್ಟುಕೊಳ್ಳಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ತಿಂಗಳಿಗೆ 12,720 ಯೂನಿಟ್ ಸುಟ್ಟರೆ ಯೂನಿಟ್ಟಿಗೆ 9.67 ರೂಪಾಯಿ ಬೀಳುತ್ತದೆ. ಭರ್ತಿ ಸೀಸನ್ನಿನಲ್ಲಿ 46,020 ಯೂನಿಟ್ ಸುಟ್ಟರೆ 7.74. ಜೂನ್‌ನಲ್ಲಿ ಯಾರೂ ಏನೂ ಹಾಳು ಮಾಡಿಲ್ಲ. ನಿಗದಿ ಶುಲ್ಕ ಕಡಿಮೆ ಯೂನಿಟ್ಟಿನ ಮೇಲೆ ಹಂಚಿಹೋಗಿದೆ, ಅಷ್ಟೇ. ತಿರುಗಿಸಿ ನೋಡಿದರೆ, ಕರೆಂಟ್ ಪೋಲಾದಷ್ಟೂ ಈ ಅಂಕಿ ಇಳಿದು ಚೆನ್ನಾಗಿ ಕಾಣುತ್ತದೆ!

ಹಾಗಾದರೆ ಟನ್ ಐಸಿಗೆ ಎಷ್ಟು ಯೂನಿಟ್ ಎಂದು ನೋಡಿದರೆ ಸಾಲದೇ? ಪೂರ್ತಿ ಸಾಲದು. ಕ್ಯಾನ್‌ಗಳು ಮುಳುಗಿರುವ ಉಪ್ಪುನೀರಿನ ಬ್ರೈನ್ ಟ್ಯಾಂಕನ್ನು ತಣ್ಣಗೆ ಇಡಲು, ಅದರ ಅಜಿಟೇಟರ್ ತಿರುಗಿಸಲು, ಪಂಪು ಮತ್ತು ದೀಪಕ್ಕೆ ಒಂದು ಬ್ಲಾಕ್ ತೆಗೆಯದಿದ್ದರೂ ಕರೆಂಟ್ ಬೇಕು. ನಮ್ಮಲ್ಲಿ ಅದು ದಿನಕ್ಕೆ ಸುಮಾರು 250 ಯೂನಿಟ್. ಅದರ ಮೇಲೆ ಪ್ರತಿ ಟನ್ನಿಗೆ 58. ಆದ್ದರಿಂದ ದಿನಕ್ಕೆ 22 ಟನ್ ತೆಗೆದರೆ ಟನ್ನಿಗೆ 69 ಯೂನಿಟ್ ಬರುತ್ತದೆ, 8 ಟನ್ ತೆಗೆದರೆ 89. ಯಂತ್ರ ಅದೇ, ಕೆಲಸವೂ ಅದೇ.

ಈ 250 ಮತ್ತು 58 ಸ್ಪ್ರೆಡ್‌ಶೀಟೇ ಕೊಟ್ಟ ಅಂಕಿಗಳು. ಹಿಂದಿನ ಹನ್ನೆರಡು ತಿಂಗಳ ದಿನದ ಯೂನಿಟ್ `G` ಕಾಲಮ್ಮಿನಲ್ಲಿ, ದಿನದ ಟನ್ `H` ಕಾಲಮ್ಮಿನಲ್ಲಿ ಇದೆ.

```
O1:  =INTERCEPT(G3:G14,H3:H14)
O2:  =SLOPE(G3:G14,H3:H14)
I15: =$O$1+$O$2*H15
J15: =G15/I15-1
K15: =IF(ABS(J15)>0.07,"ನೋಡಿ","")
```

`I` ಕಾಲಮ್ಮಿನಲ್ಲಿ ಅಷ್ಟು ಟನ್ನಿಗೆ ದಿನಕ್ಕೆ ಆಗಬೇಕಿದ್ದ ಯೂನಿಟ್ ಬರುತ್ತದೆ, `J`ಯಲ್ಲಿ ವ್ಯತ್ಯಾಸ. ಕೆಟ್ಟಿತ್ತು ಎಂದು ಗೊತ್ತಿರುವ ತಿಂಗಳುಗಳನ್ನು ಈ ಹನ್ನೆರಡರಲ್ಲಿ ಸೇರಿಸಬೇಡಿ. ಸೇರಿಸಿದರೆ ಕೆಟ್ಟದ್ದೇ ಮಾಮೂಲಿ ಆಗಿಬಿಡುತ್ತದೆ. 7 ಶೇಕಡಾ ಯಾಕೆ ಅಂದರೆ, ಎಲ್ಲ ಸರಿ ಇದ್ದ ತಿಂಗಳಲ್ಲೂ ನಮ್ಮ ಅಂಕಿ 4 ಶೇಕಡಾ ಆಚೀಚೆ ಹೋಗುತ್ತದೆ. ಏಪ್ರಿಲ್, ಮೇ ಸೆಖೆಗೆ ನೀರೇ ಬಿಸಿ ಇರುತ್ತದಲ್ವಾ, ಆಗ ಸ್ವಲ್ಪ ಜಾಸ್ತಿ ಬಂದೇ ಬರುತ್ತದೆ. ನಿಮ್ಮ ಮಿತಿಯನ್ನು ನಿಮ್ಮ ಹಳೆಯ ತಿಂಗಳು ನೋಡಿ ಹಾಕಿಕೊಳ್ಳಿ.

ಈಗ ಆ ತಿಂಗಳು. ನವೆಂಬರ್‌ನಲ್ಲಿ 30 ದಿನಕ್ಕೆ 660 ಟನ್, 46,020 ಯೂನಿಟ್. ದಿನಕ್ಕೆ 1,534. ಆಗಬೇಕಿದ್ದದ್ದು 1,526. ಸರಿಯಾಗಿದೆ. ಮುಂದಿನ ರೀಡಿಂಗ್ ಜನವರಿ 4ಕ್ಕೆ ಬಂತು. 50,511 ಇದ್ದದ್ದು 53,051 ಆಗಿತ್ತು. ವ್ಯತ್ಯಾಸ 2,540, ಅಂದರೆ 50,800 ಯೂನಿಟ್. ಬಿಲ್ ಜಾಸ್ತಿ ಬಂದಿದ್ದಕ್ಕೆ ಎಲ್ಲರೂ 34 ದಿನ ಅಲ್ವಾ ಎಂದರು. ದಿನಕ್ಕೆ 1,494 ಯೂನಿಟ್, ನವೆಂಬರ್‌ಗಿಂತ ಕಡಿಮೆಯೇ. ಯೂನಿಟ್ ದರವೂ 7.67ಕ್ಕೆ ಇಳಿದಿತ್ತು. ಮೂರೂ ಕಡೆ ಏನೂ ತಪ್ಪು ಕಾಣಲಿಲ್ಲ. ಆದರೆ ಆ 34 ದಿನದಲ್ಲಿ ತೆಗೆದದ್ದು 646 ಟನ್, ದಿನಕ್ಕೆ 19. ಅದಕ್ಕೆ ಬೇಕಿದ್ದದ್ದು 1,352 ಯೂನಿಟ್. ಹತ್ತೂವರೆ ಶೇಕಡಾ ಜಾಸ್ತಿ! `K` ಕಾಲಮ್ಮಿನಲ್ಲಿ "ನೋಡಿ" ಎಂದು ಬಂತು.

ಮೊದಲು ನೋಡಿದ್ದು ಟನ್ನಿನ ಲೆಕ್ಕವನ್ನೇ. ಕ್ಯಾನ್ ಎತ್ತಿದ ಪುಸ್ತಕದಲ್ಲಿ ಡಿಸೆಂಬರ್ 1ರಿಂದ ಜನವರಿ 4ರವರೆಗೆ 50 ಕಿಲೋದ 12,920 ಬ್ಲಾಕ್ ಇತ್ತು. ತಾಳೆ ಆಯಿತು. ಟನ್ ಮತ್ತು ಯೂನಿಟ್ ಎರಡೂ ಅದೇ ದಿನಾಂಕಗಳದ್ದಾಗಿರಬೇಕು. ಇಲ್ಲದಿದ್ದರೆ ಸುಳ್ಳು ಎಚ್ಚರಿಕೆ ಬರುತ್ತದೆ.

ಆಮೇಲೆ ಆಪರೇಟರ್ ಬರೆಯುವ ಲಾಗ್ ಪುಸ್ತಕ ತೆರೆದೆವು. ಅಮೋನಿಯಾ ಕಂಪ್ರೆಸರಿನ ಡಿಸ್ಚಾರ್ಜ್ ಒತ್ತಡ ನವೆಂಬರ್‌ನಲ್ಲಿ ಸುಮಾರು 180 ಪಿಎಸ್‌ಐ ಇತ್ತು. ಡಿಸೆಂಬರ್ ಕೊನೆಗೆ 200ರ ಹತ್ತಿರ ಬಂದಿತ್ತು. ಚಳಿಗೆ ಅದು ಇಳಿಯಬೇಕಿತ್ತು, ಏರಿದೆ. ಈ 20 ಪಿಎಸ್‌ಐ ಅಂದರೆ ಅಮೋನಿಯಾ ದ್ರವವಾಗುವ ಉಷ್ಣತೆ 35ರಿಂದ 38 ಡಿಗ್ರಿಗೆ ಏರಿದಂತೆ. ಒಂದೊಂದು ಡಿಗ್ರಿಗೂ ಕಂಪ್ರೆಸರ್ 2–3 ಶೇಕಡಾ ಜಾಸ್ತಿ ಕರೆಂಟ್ ಎಳೆಯುತ್ತದೆ. ನಮ್ಮ ಅಂಕಿಯ ಬಹುಪಾಲು ಇಲ್ಲೇ ಸಿಕ್ಕಿತು.

ಒತ್ತಡ ಏರಲು ಎರಡು ಸಾಮಾನ್ಯ ಕಾರಣ. ಅಮೋನಿಯಾವನ್ನು ನೀರಿನಿಂದ ತಣಿಸಿ ದ್ರವ ಮಾಡುವ ಕಂಡೆನ್ಸರ್ ಒಳಗೆ ಗಾಳಿ ಸೇರಿರಬಹುದು, ಇಲ್ಲವೇ ಕೊಳವೆಗೆ ಸುಣ್ಣ ಕಟ್ಟಿರಬಹುದು. "ಕಂಪ್ರೆಸರ್ ನಿಲ್ಲಿಸಿ, ನೀರು ಓಡಿಸಿಯೇ ಇಟ್ಟು ನೋಡೋಣ ಸಾರ್" ಎಂದರು ಆಪರೇಟರ್. ಗಾಳಿ ಇದ್ದರೆ ಒತ್ತಡ ನೀರಿನ ಉಷ್ಣತೆಗೆ ತಕ್ಕಷ್ಟಕ್ಕೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ನಮ್ಮದು ಸರಿಯಾಗಿ ಇಳಿಯಿತು. ಅಂದರೆ ಸುಣ್ಣ. ನವೆಂಬರ್ ಕೊನೆಯಲ್ಲಿ ಬಾವಿ ಬಿಟ್ಟು ಬೋರ್‌ವೆಲ್ ನೀರಿಗೆ ಬದಲಾಯಿಸಿದ್ದರು, ಅದು ಗಡಸು ನೀರು. ಕೊಳವೆಗಳನ್ನು ತೊಳೆಸಿದೆವು. ಮುಂದಿನ ರೀಡಿಂಗ್‌ನಲ್ಲಿ ವ್ಯತ್ಯಾಸ 1.5 ಶೇಕಡಾಗೆ ಬಂತು.

ಮಾಲೀಕರು ನಷ್ಟ ಎಷ್ಟು ಎಂದು ಕೇಳಿದರು. ಜಾಸ್ತಿ ಹೋದದ್ದು 4,832 ಯೂನಿಟ್. ಇದನ್ನು 7.67ರಿಂದ ಗುಣಿಸಬಾರದು, 7ರಿಂದಲೇ ಗುಣಿಸಬೇಕು. ಡಿಮ್ಯಾಂಡ್ ಶುಲ್ಕ ಹೇಗೂ ಕಟ್ಟುತ್ತಿದ್ದೆವು. ಹಾಗಾಗಿ ಸುಮಾರು 33,800 ರೂಪಾಯಿ.

ವ್ಯತ್ಯಾಸ ಕೆಳಗೆ ಹೋದರೂ ಖುಷಿಪಡದೆ ಹುಡುಕಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರ್ ಮೇಲೆ ಐಸ್ ಮಾಡಿದ್ದರೆ ಆ ಯೂನಿಟ್ ಈ ಮೀಟರಿನಲ್ಲಿ ಇರುವುದಿಲ್ಲ. ಜನರೇಟರಿನ ಮೀಟರ್ ಓದಿ ಸೇರಿಸಬೇಕು. ಅದೂ ಅಲ್ಲದೆ ಮೂರನೇ ಒಂದು ಭಾಗದಷ್ಟು ಕಡಿಮೆ ತೋರಿಸಿದರೆ ಒಂದು ಫೇಸಿನ ಸಿಟಿ, ಅಂದರೆ ಮೀಟರಿಗೆ ಕರೆಂಟ್ ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಥವಾ ಅದರ ವೈರು ಕೆಟ್ಟಿರಬಹುದು. ತಕ್ಷಣ ಹೆಸ್ಕಾಂಗೆ ಬರೆದು ತಿಳಿಸಿ. ತಡಮಾಡಿದಷ್ಟೂ ಹಿಂದಿನ ಬಾಕಿ ಒಟ್ಟಿಗೆ ಬರುತ್ತದೆ.

ತಿಂಗಳಿಗೊಮ್ಮೆ ನೋಡುವ ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಡಿಸೆಂಬರ್ ಮೊದಲ ವಾರದಲ್ಲೇ ಶುರುವಾದದ್ದು ನಮಗೆ ಗೊತ್ತಾದದ್ದು ಜನವರಿಯಲ್ಲಿ. ಈಗ ಸೀಸನ್ನಿನಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಆಪರೇಟರ್ ಮೀಟರ್ ಓದಿ, ಅದೇ ಹೊತ್ತಿಗೆ ಕ್ಯಾನ್ ಲೆಕ್ಕವನ್ನೂ ಮುಚ್ಚುತ್ತಾರೆ. ವಾರದ ಅಂಕಿ ಜಾಸ್ತಿ ಅಲ್ಲಾಡುತ್ತದೆ. ಅದಕ್ಕೆ ಅಲ್ಲಿ ಮಿತಿ 12 ಶೇಕಡಾ ಇಟ್ಟಿದ್ದೇನೆ, ಅಥವಾ ಸತತ ಎರಡು ವಾರ 7 ದಾಟಿದರೆ ಲಾಗ್ ಪುಸ್ತಕ ತೆರೆಯುತ್ತೇವೆ.