43 ಇಂಚಿನ ಟಿವಿಯಲ್ಲಿ 5 ಇಂಚು ಎಲ್ಲಿ ಹೋಯಿತು?

ವಿಜಯಪುರದ ಗಾಂಧಿ ಚೌಕದ ಸಮೀಪದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಮಾರಾಟಕ್ಕಿರುವ ಟಿವಿಗಳ ವಿವರ ಬರೆದು ಅಂಗಡಿಯ ವಾಟ್ಸ್‌ಆ್ಯಪ್ ಕ್ಯಾಟಲಾಗ್‌ಗೆ ಹಾಕುವುದೂ ಅದರಲ್ಲಿ ಸೇರಿದೆ. ಮೊದಲ ಎರಡು ವರ್ಷ ನಾನು ಏನನ್ನೂ ಬರೆಯುತ್ತಿರಲಿಲ್ಲ ಎಂದೇ ಹೇಳಬೇಕು. ಪೆಟ್ಟಿಗೆಯ ಮೇಲಿದ್ದುದನ್ನು ನಕಲು ಮಾಡುತ್ತಿದ್ದೆ: "108 ಸೆಂ.ಮೀ. (43 ಇಂಚು), 4ಕೆ ಅಲ್ಟ್ರಾ ಎಚ್‌ಡಿ, 60 ಹರ್ಟ್ಸ್, 3 ಎಚ್‌ಡಿಎಂಐ, 2 ಯುಎಸ್‌ಬಿ." ಎಲ್ಲವೂ ನಿಜ. ಆದರೂ ಅದೇ ವಿವರ ಓದಿ ಟಿವಿ ಕೊಂಡ ಇಂಡಿ ತಾಲ್ಲೂಕಿನ ಕಡೆಯ ಕಾಕಾ ಒಬ್ಬರು ಎಂಟನೆಯ ದಿನ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಮರಳಿ ಬಂದರು.

"ತಮ್ಮಾ, 43 ಇಂಚು ಎಂದು ಬರೆದಿದ್ದೀರಿ. ನಾನು ಅಳೆದರೆ 38 ಕೂಡ ತುಂಬುವುದಿಲ್ಲ. ಉಳಿದ 5 ಇಂಚು ಎಲ್ಲಿ ಹೋಯಿತು?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಗಜ ಹಾಕುವಾಗ ಬಟ್ಟೆ ಎಳೆದು ಹಿಡಿಯುವ ವ್ಯಾಪಾರಿಯನ್ನು ಕೈಯಾರೆ ಹಿಡಿದ ಸಮಾಧಾನವಿತ್ತು. ಪರದೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುತ್ತಾರೆ ಎಂದು ಟೇಪು ಹಿಡಿದು ತೋರಿಸಿದೆ. ಒಪ್ಪಿದರು. ಆದರೆ ಅವರ ನಿಜವಾದ ತೊಂದರೆ ಬೇರೆಯೇ ಇತ್ತು.

ಅವರ ಪಡಸಾಲೆಯ ಗೋಡೆ ಕಲ್ಲಿನದು, ಮೇಲೆ ಮಣ್ಣಿನ ಗಿಲಾವು. ಮೊಳೆ ಹೊಡೆದರೆ ಮಣ್ಣು ಉದುರುತ್ತದೆಯೇ ಹೊರತು ಹಿಡಿತ ಸಿಗುವುದಿಲ್ಲ, ಹಾಗಾಗಿ ಟಿವಿಯನ್ನು ಗೋಡೆಗೆ ತೂಗುಹಾಕುವಂತಿರಲಿಲ್ಲ. ಹಳೆಯ ಟಿವಿ ಇದ್ದ ಮೇಜಿನ ಮೇಲೆಯೇ ಇಡಬೇಕು. ಆ ಮೇಜಿನ ಅಗಲ 28 ಇಂಚು. ಹೊಸ ಟಿವಿಯ ಎರಡು ಕಾಲುಗಳು ಎರಡು ತುದಿಗೆ ಇರುತ್ತವೆ, ಅವುಗಳ ನಡುವಿನ ಅಂತರ 31 ಇಂಚು. ಮೇಜಿನ ಮೇಲೊಂದು ಹಲಗೆ ಹಾಸಿ ನಿಲ್ಲಿಸಿದ್ದರಂತೆ. ನಾಲ್ಕನೆಯ ದಿನಕ್ಕೆ ಹಲಗೆಯ ಎರಡೂ ತುದಿ ಬಾಗಿದ್ದವು. ಓಡಾಡುವ ಮೊಮ್ಮಕ್ಕಳಿರುವ ಮನೆ ಬೇರೆ. ಕಾಲುಗಳ ಅಂತರವನ್ನು ಪೆಟ್ಟಿಗೆಯ ಮೇಲೆ ಕಂಪನಿಯವರು ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ.

ಅಂದು ಸಂಜೆಯೇ ಅಂಗಡಿಯಲ್ಲಿ ಜೋಡಿಸಿಟ್ಟಿದ್ದ ಟಿವಿಗಳನ್ನೆಲ್ಲ ಟೇಪಿನಿಂದ ಅಳೆದೆ. ಈಗ ಪ್ರತಿಯೊಂದು ವಿವರದಲ್ಲೂ ಗಾತ್ರದ ಸಾಲು ಹೀಗಿರುತ್ತದೆ: "43 ಇಂಚು ಎಂಬುದು ಮೂಲೆಯಿಂದ ಮೂಲೆಗೆ ಓರೆ ಅಳತೆ. ಚೌಕಟ್ಟು ಸೇರಿಸಿ ಟಿವಿಯ ಅಗಲ 96 ಸೆಂ.ಮೀ. (ಸುಮಾರು 38 ಇಂಚು), ಕಾಲು ಬಿಟ್ಟು ಎತ್ತರ 56 ಸೆಂ.ಮೀ. ಮೇಜು ಕನಿಷ್ಠ 33 ಇಂಚು ಅಗಲವಿರಬೇಕು." ಮೇಜಿನ ಲೆಕ್ಕಕ್ಕೆ ಕಾಲುಗಳ ಅಂತರದ ಮೇಲೆ ಪ್ರತಿ ಬದಿಗೆ ಒಂದೊಂದು ಇಂಚು ಸೇರಿಸುತ್ತೇನೆ. ಇದರಿಂದ ಉಲ್ಟಾ ಲಾಭವೂ ಆಯಿತು. ಶೋಕೇಸ್ 40 ಇಂಚು ಇದೆ, 43 ಇಂಚಿನದು ಹಿಡಿಯುವುದಿಲ್ಲ ಎಂದುಕೊಂಡು 32ಕ್ಕೆ ಇಳಿಯುತ್ತಿದ್ದವರು ಈಗ ಇಳಿಯುವುದಿಲ್ಲ.

ಕಾಕಾ ಅವರ ಎರಡನೆಯ ದೂರು ನನಗೆ ಇನ್ನೂ ಹೆಚ್ಚು ಕಲಿಸಿತು. ಅವರ ಮನೆಯಲ್ಲಿ ಡಿಡಿ ಫ್ರೀ ಡಿಶ್‌ನ ಹಳೆಯ ಸೆಟ್ ಟಾಪ್ ಬಾಕ್ಸ್ ಇದೆ. ಹಳದಿ, ಕೆಂಪು, ಬಿಳಿ ವೈರಿನದು, ಎಚ್‌ಡಿಎಂಐ ಇಲ್ಲ. ಹೊಸ ಟಿವಿಯ ಹಿಂದೆ ಆ ಮೂರು ಬಣ್ಣದ ತೂತುಗಳೇ ಇರಲಿಲ್ಲ. "AV IN" ಎಂದು ಬರೆದ, ಇಯರ್‌ಫೋನ್ ಸಿಕ್ಕಿಸುವಂಥ ಒಂದೇ ಸಣ್ಣ ತೂತಿತ್ತು. ಅದಕ್ಕೆ ಬೇಕಾದ ಕೇಬಲ್ ಪೆಟ್ಟಿಗೆಯಲ್ಲಿ ಬಂದಿರಲಿಲ್ಲ. ಊರಿನಲ್ಲೇ ಒಂದು ಕೊಂಡು ಸಿಕ್ಕಿಸಿದರೆ ಪರದೆ ಕಪ್ಪು, ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ಟಿವಿ ಕೆಟ್ಟಿದೆ ಎಂದು ಅವರು ತೀರ್ಮಾನಿಸಿದ್ದರು.

ಟಿವಿ ಕೆಟ್ಟಿರಲಿಲ್ಲ. ಆ ಸಣ್ಣ ಪಿನ್ನಿನಲ್ಲಿ ನಾಲ್ಕು ಉಂಗುರಗಳಂಥ ಭಾಗಗಳಿರುತ್ತವೆ: ಚಿತ್ರಕ್ಕೆ ಒಂದು, ಎಡ ಮತ್ತು ಬಲ ಧ್ವನಿಗೆ ಎರಡು, ಮೂರಕ್ಕೂ ಸೇರಿ ಒಂದು ಅರ್ಥಿಂಗ್. ಯಾವುದು ಎಲ್ಲಿರಬೇಕು ಎಂಬುದರಲ್ಲಿ ಎಲ್ಲ ಕೇಬಲ್ ತಯಾರಕರೂ ಒಂದೇ ಕ್ರಮ ಪಾಲಿಸುವುದಿಲ್ಲ. ಆ ಕೇಬಲಿನಲ್ಲಿ ಚಿತ್ರದ ತಂತಿ ಕೆಂಪು ತುದಿಗೆ ಬಂದಿತ್ತು. ಅಂಗಡಿಯಲ್ಲಿದ್ದ ಹಳೆಯ ಬಾಕ್ಸಿಗೆ ಜೋಡಿಸಿ, ಹಳದಿಯ ಜಾಗಕ್ಕೆ ಕೆಂಪನ್ನೂ ಕೆಂಪಿನ ಜಾಗಕ್ಕೆ ಹಳದಿಯನ್ನೂ ಹಾಕಿದೆ. ಚಿತ್ರ ಬಂತು. ಹಳದಿಯನ್ನು ಕೆಂಪಿನೊಂದಿಗೂ ಬಿಳಿಯೊಂದಿಗೂ ಹೀಗೆ ಅದಲುಬದಲು ಮಾಡಿ ನೋಡಿದರೂ ಬರದಿದ್ದರೆ ಆ ಕೇಬಲಿನಲ್ಲಿ ಅರ್ಥಿಂಗ್‌ನ ಜಾಗವೇ ಬೇರೆ ಇದೆ ಎಂದು ತಿಳಿಯಬೇಕು. ಆಗ ಕೇಬಲನ್ನೇ ಬದಲಿಸಬೇಕು.

ಚಿತ್ರ ಬಂದದ್ದೇ ಕಾಕಾ ಮುಖ ಸಿಂಡರಿಸಿದರು. "ಇದು ನನ್ನ ಹಳೆಯ ಡಬ್ಬಿ ಟಿವಿಗಿಂತ ಮಬ್ಬಾಗಿದೆಯಲ್ಲ!"

ಅವರು ಹೇಳಿದ್ದು ಸರಿ. ಆ ಮೂರು ವೈರುಗಳ ಮೂಲಕ ಬರುವ ಚಿತ್ರದಲ್ಲಿರುವುದು ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. 4ಕೆ ಪರದೆಯಲ್ಲಿ 3840 ಮತ್ತು 2160. ಗುಣಿಸಿ ನೋಡಿದರೆ ಪರದೆಯ ಚುಕ್ಕೆಗಳು ಬರುವ ಚುಕ್ಕೆಗಳ ಸರಿಯಾಗಿ 20 ಪಟ್ಟು. ಅಂದರೆ ಒಂದು ಚುಕ್ಕೆಯ ಮಾಹಿತಿಯನ್ನು 20 ಚುಕ್ಕೆಗಳಿಗೆ ಟಿವಿಯೇ ಊಹಿಸಿ ಹಂಚಬೇಕು. ಒಂದು ಸೇರು ಮಜ್ಜಿಗೆಗೆ ಇಪ್ಪತ್ತು ಸೇರು ನೀರು ಬೆರೆಸಿದ ಹಾಗೆ. ಹಳೆಯ ಟಿವಿಯ ಪರದೆ ಚಿಕ್ಕದು, ಅಲ್ಲಿ ಈ ಕೊರತೆ ಎದ್ದು ಕಾಣುತ್ತಿರಲಿಲ್ಲ.

ಇದನ್ನು ವಿವರದಲ್ಲೇ ಬರೆಯುತ್ತೇನೆ ಎಂದಾಗ ನಮ್ಮ ಸಾಹುಕಾರರು ಒಪ್ಪಲಿಲ್ಲ. "ನಮ್ಮ ಮಾಲು ಮಬ್ಬು ಎಂದು ನಾವೇ ಬರೆದರೆ ಕೊಳ್ಳುವವರು ಯಾರು?" ಟೆಂಪೋ ಬಾಡಿಗೆಯ ಚೀಟಿಯನ್ನು ಅವರ ಮುಂದಿಟ್ಟೆ. ಎರಡು ದಿನದ ನಂತರ ಒಂದೇ ಸಾಲಿಗೆ ಒಪ್ಪಿದರು.

ಆ ಒಂದು ಸಾಲಿಗಾಗಿ ಒಂದು ಪ್ರಯೋಗ ಮಾಡಿದೆ. 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ ಒಂದು ಚುಕ್ಕೆ ದಪ್ಪದ ಕಪ್ಪು ಗೆರೆ, ಪಕ್ಕಕ್ಕೆ ಅಷ್ಟೇ ದಪ್ಪದ ಬಿಳಿ ಗೆರೆ, ಹೀಗೆ ಪರದೆಯ ತುಂಬ ಗೆರೆಗಳಿರುವ ಚಿತ್ರ ಹಾಕಿ ಹಿಂದಕ್ಕೆ ನಡೆದೆ. ಐದೂವರೆ ಅಡಿ ದಾಟಿದ ಮೇಲೆ ಗೆರೆಗಳು ಕರಗಿ ಬೂದು ಬಣ್ಣವಾದವು. ಲೆಕ್ಕವೂ ಹಾಗೆಯೇ ಇದೆ. ಆ ಗಾತ್ರದಲ್ಲಿ ಫುಲ್ ಎಚ್‌ಡಿಯ ಒಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರ್, ಸಾಮಾನ್ಯ ದೃಷ್ಟಿಗೆ ಅದು ಒಂದು ಮುಕ್ಕಾಲು ಮೀಟರ್ ಆಚೆ ಬಿಡಿಯಾಗಿ ಕಾಣುವುದಿಲ್ಲ. ನಮ್ಮ ಕಡೆಯ ಪಡಸಾಲೆಗಳಲ್ಲಿ ಟಿವಿಗೂ ಕೂರುವವರಿಗೂ ಎಂಟು ಒಂಬತ್ತು ಅಡಿ ಇರುತ್ತದೆ. ಅಷ್ಟು ದೂರದಿಂದ 43 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸವನ್ನು ಕಣ್ಣು ಹಿಡಿಯಲಾರದು. ಅದೇ 55 ಇಂಚಾದರೆ ಏಳು ಅಡಿಯೊಳಗೆ ಕೂತವರಿಗೆ ಕಾಣುತ್ತದೆ. ಹಾಗಾಗಿ ಬರೆದದ್ದು: "4ಕೆ ಎಂದರೆ ಚುಕ್ಕೆಗಳು ಹೆಚ್ಚು. ಇಂಟರ್ನೆಟ್‌ನ 4ಕೆ ವಿಡಿಯೊವನ್ನು ಆರು ಅಡಿಯೊಳಗೆ ಕೂತು ನೋಡುವವರಿಗೆ ಇದರ ಪ್ರಯೋಜನ. ಹಳದಿ-ಕೆಂಪು-ಬಿಳಿ ವೈರಿನ ಬಾಕ್ಸಿನ ಚಿತ್ರ ಇದರಲ್ಲಿ ಮೃದುವಾಗಿ ಕಾಣುತ್ತದೆ." ಮಬ್ಬು ಹೋಗಿ ಮೃದು ಆದದ್ದು ಸಾಹುಕಾರರ ತಿದ್ದುಪಡಿ. ಅಷ್ಟನ್ನು ಬಿಟ್ಟುಕೊಟ್ಟೆ.

ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆಯ ವಿಷಯದಲ್ಲಿ ಹೆಸರು ಹೇಳುವುದನ್ನೇ ನಿಲ್ಲಿಸಿದೆ. ಐಪಿಎಸ್, ವಿಎ ಎಂದು ಅದರ ಬಗೆಯನ್ನು ಬರೆದರೆ ಗೊತ್ತಿದ್ದವರು ತಲೆಯಾಡಿಸುತ್ತಾರೆ, ಉಳಿದವರು ಅದೊಂದು ಸೌಲಭ್ಯ ಎಂದು ತಿಳಿಯುತ್ತಾರೆ. ಸಾಲದ್ದಕ್ಕೆ ಒಂದೇ ಮಾದರಿಯ ಟಿವಿ ಬೇರೆ ಬೇರೆ ಲಾಟ್‌ನಲ್ಲಿ ಬೇರೆ ಪ್ಯಾನೆಲ್ ಹೊತ್ತು ಬರುವುದೂ ಉಂಟು. ಅದಕ್ಕೆ ಪೆನ್‌ಡ್ರೈವ್‌ನಲ್ಲಿ ಎರಡು ಚಿತ್ರ ಇಟ್ಟುಕೊಂಡಿದ್ದೇನೆ: ಒಂದು ಹತ್ತಿರದಿಂದ ತೆಗೆದ ಮುಖ, ಇನ್ನೊಂದು ಕತ್ತಲೆಯಲ್ಲಿ ಉರಿಯುವ ಒಂದೇ ಹಣತೆ. ಮುಖದ ಚಿತ್ರ ಹಾಕಿ ಪಕ್ಕಕ್ಕೆ ಸರಿದು ಓರೆಯಾಗಿ ನೋಡುತ್ತೇನೆ. ಚರ್ಮದ ಬಣ್ಣ ಬಿಳಿಚಿಕೊಂಡರೆ ವಿಎ, ಹಾಗೆಯೇ ಉಳಿದರೆ ಐಪಿಎಸ್ ಎಂಬುದು ಸಾಮಾನ್ಯ ಗುರುತು. ಹಣತೆಯ ಚಿತ್ರಕ್ಕೆ ಅಂಗಡಿಯ ದೀಪ ಆರಿಸುತ್ತೇನೆ. ಐಪಿಎಸ್‌ನಲ್ಲಿ ಸುತ್ತಲಿನ ಕತ್ತಲೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ವಿಎಯಲ್ಲಿ ಕಪ್ಪು ಗಾಢ. ಕಾಕಾ ಕೊಂಡದ್ದು ವಿಎ. ಹಬ್ಬಕ್ಕೆ ಬಂದ ನೆಂಟರು ಎರಡೂ ಗೋಡೆಗೆ ಒರಗಿ ಸಾಲಾಗಿ ಕೂರುವ ಮನೆಗೆ ಅದು ತಪ್ಪು ಆಯ್ಕೆ. ಈಗ ಅಂಥ ಟಿವಿಗೆ ಹೀಗೆ ಬರೆಯುತ್ತೇನೆ: "ಎದುರಿಗೆ ಕೂತವರಿಗೆ, ಅದರಲ್ಲೂ ರಾತ್ರಿ ದೀಪ ಆರಿಸಿ ನೋಡುವವರಿಗೆ ಬಹಳ ಚೆನ್ನ. ಪಕ್ಕದಲ್ಲಿ ಕೂತವರಿಗೆ ಬಣ್ಣ ತಿಳಿಯಾಗುತ್ತದೆ." ಎಲ್‌ಇಡಿ ಎಂಬ ಪದವನ್ನೂ ಕೈಬಿಟ್ಟಿದ್ದೇನೆ. ಅದು ಪರದೆಯ ಹಿಂದಿನ ದೀಪದ ಹೆಸರು. ಕ್ಯೂಎಲ್‌ಇಡಿಯಲ್ಲೂ ಹಿಂದೆ ದೀಪವೇ ಇರುವುದು. ಈ ಮೂರು ಹೆಸರುಗಳಲ್ಲಿ ಚುಕ್ಕೆಗಳೇ ಸ್ವತಃ ಬೆಳಗುವುದು ಒಎಲ್‌ಇಡಿಯಲ್ಲಿ ಮಾತ್ರ.

ಹರ್ಟ್ಸ್ ಬಗ್ಗೆ ಹೆಚ್ಚು ಬರೆಯಲಾರೆ, ಏಕೆಂದರೆ ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರಿಗೆ 60 ಸಾಕು. ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸ ಚಿತ್ರ ತೋರಿಸಬಲ್ಲದು ಎಂಬ ಲೆಕ್ಕ ಅದು. ಸಿನಿಮಾ 24 ಚಿತ್ರಗಳದು, ನಮ್ಮ ದೇಶದ ಟಿವಿ ಪ್ರಸಾರ 50ರ ಲೆಕ್ಕದ್ದು. ಗೇಮ್ ಆಡುವ ಹುಡುಗರು ಮಾತ್ರ 120 ಕೇಳುತ್ತಾರೆ, ಮೋಸ ಹೋಗುವವರೂ ಅವರೇ. ಪೆಟ್ಟಿಗೆಯ ಮೇಲೆ "ಮೋಷನ್ 120" ಎಂಬಂಥ ಮಾತಿದ್ದರೆ ಒಳಗಿನ ಪರದೆ 60ರದ್ದೇ ಇರಬಹುದು. ನಾನು ಲ್ಯಾಪ್‌ಟಾಪ್ ಜೋಡಿಸಿ "Advanced display"ನಲ್ಲಿ "Refresh rate" ಪಟ್ಟಿ ತೆರೆಯುತ್ತೇನೆ. 3840 × 2160 ಇಟ್ಟಾಗಲೂ ಅಲ್ಲಿ 120 ಕಾಣಿಸಿದರೆ ಮಾತ್ರ ಬರೆಯುತ್ತೇನೆ. ಇದಕ್ಕೆ ಲ್ಯಾಪ್‌ಟಾಪ್ ಮತ್ತು ಕೇಬಲ್ ಎರಡೂ ಅಷ್ಟನ್ನು ಕಳಿಸಬಲ್ಲವಾಗಿರಬೇಕು, ಇಲ್ಲದಿದ್ದರೆ ಒಳ್ಳೆಯ ಟಿವಿಯನ್ನೇ ದೂರಿದಂತಾಗುತ್ತದೆ. ತೂತಿನ ಮೇಲೆ ಎಚ್‌ಡಿಎಂಐ 2.1 ಎಂದಿರುವುದನ್ನು ನಂಬಿ ಬರೆಯುವುದಿಲ್ಲ. ಆ ಹೆಸರಿನಡಿಯ ಸೌಲಭ್ಯಗಳು ಐಚ್ಛಿಕ, 120 ಇಲ್ಲದೆಯೂ ಆ ಹೆಸರು ಹಾಕಬಹುದು.

ತೂತುಗಳ ಸಾಲನ್ನು ಈಗ ಎಣಿಕೆಯಿಂದಲ್ಲ, ಮನೆಯ ವಸ್ತುಗಳಿಂದ ಬರೆಯುತ್ತೇನೆ: "ಎಚ್‌ಡಿಎಂಐ ಮೂರು. ಸೌಂಡ್‌ಬಾರ್ ಇದ್ದರೆ 'ARC' ಎಂದು ಬರೆದ ಒಂದಕ್ಕೇ ಹಾಕಬೇಕು, ಆಗ ಸೆಟ್ ಟಾಪ್ ಬಾಕ್ಸ್ ಮೊದಲಾದವಕ್ಕೆ ಉಳಿಯುವುದು ಎರಡು. ಮೂರು ಬಣ್ಣದ ವೈರಿನ ಹಳೆಯ ಬಾಕ್ಸಿಗೆ ಬೇರೆ ಕೇಬಲ್ ಬೇಕು, ಪೆಟ್ಟಿಗೆಯಲ್ಲಿಲ್ಲ, ಇದೇ ಟಿವಿಗೆ ಹಾಕಿ ನೋಡಿದ ಕೇಬಲ್ ನಮ್ಮಲ್ಲಿದೆ."

ಕಾಕಾ ಕೊನೆಗೆ 32 ಇಂಚಿನ, ಪಕ್ಕದಿಂದಲೂ ಬಣ್ಣ ಕೆಡದ ಟಿವಿ ಒಯ್ದರು. ಅದರ ಕಾಲುಗಳ ಅಂತರ 22 ಇಂಚು, ಅಳೆದೇ ಕೊಟ್ಟೆ. ಅವರು ಮರಳಿಸಿದ ಮಾದರಿಯ ಹೊಸ ಲಾಟ್ ಕಳೆದ ತಿಂಗಳು ಬಂತು. ಪೆಟ್ಟಿಗೆ ಅದೇ, ಮಾದರಿ ಸಂಖ್ಯೆ ಅದೇ. ತೆರೆದು ಟೇಪು ಹಿಡಿದರೆ ಕಾಲುಗಳು ಒಳಕ್ಕೆ ಸರಿದು 29 ಇಂಚಿಗೆ ಬಂದಿದ್ದವು. ಮೇಜಿನ ಸಾಲನ್ನು 31 ಎಂದು ತಿದ್ದಿ, ಉಳಿದಿದ್ದ ಎರಡು ಹಳೆಯ ಪೆಟ್ಟಿಗೆಗಳ ಮೇಲೆ ಮಾರ್ಕರ್ ಪೆನ್ನಿನಿಂದ 33 ಎಂದು ದೊಡ್ಡದಾಗಿ ಬರೆದಿಟ್ಟೆ.