ಇಂಪೆಲ್ಲರ್ ಕೊಯ್ದು ನೀರ ಹೊಂದಿಸಿದ್ದು: ನನ್ನ ಅನುಭವ

ಮುಧೋಳ ಹತ್ರ ಘಟಪ್ರಭಾ ದಂಡಿ ಮ್ಯಾಲಿನ ಪಂಪಿದು. ಕಬ್ಬಿಗೆ ನೀರ ಎತ್ತೋದು, 15 ಎಚ್‌ಪಿ, 160 ಎಂಎಂ ಪಿವಿಸಿ ಪೈಪ್ ಸುಮಾರು 800 ಮೀಟರ್. ಪ್ಲೇಟ್ ಮ್ಯಾಲ 42 ಮೀಟರ್ ಹೆಡ್ ಅಂದ್ರ ನೀರ ಎತ್ತೋ ತಾಕತ್ತು, ಸೆಕೆಂಡಿಗೆ 18 ಲೀಟರ್ ಅಂತ ಇತ್ತು. ಹೆಡ್ ಎಷ್ಟು ಜಾಸ್ತಿ ಇದ್ರ ಅಷ್ಟು ಚಲೋ ಅಂತ ಅಂಗಡ್ಯಾವ್ರು ಕೊಟ್ಟಿದ್ರು. ವಾಲ್ವ್ ಪೂರ್ತಿ ತೆಗೆದ್ರ 26 ಆಂಪ್ಸ್ ಎಳೀತಿತ್ತು, ಆ ಮೋಟರಿನ ಮಿತಿ 21-22. ಕಾಯಿಲ್ ಸುಟ್ಟು ರಿವೈಂಡಿಂಗಿಗೆ ಪ್ರತಿಸಲ ಎಂಟ್ಹತ್ತು ಸಾವಿರ ಹೋಗ್ತಿತ್ತು, ಕಡೀಕ ವಾಲ್ವ್ ಅರ್ಧ ಮುಚ್ಚಿ ಓಡಿಸ್ಕೋತ ಕುಂತಿದ್ರು. ನಾನು ಪಂಪಿನೊಳಗ ನೀರ ಎಸಿಯೋ ಚಕ್ರ, ಅಂದ್ರ ಇಂಪೆಲ್ಲರ್, ಅದರ ಅಂಚು ಕೊಯ್ದು ಟ್ರಿಮ್ ಮಾಡೂಣು ಅಂದ್ರ ಮಾಲಕ್ರು "ಕೊಯ್ದ್ರ ನೀರ ಮ್ಯಾಲ ಏರೂದ ಇಲ್ರಿ" ಅಂದ್ರು, ಲೇತಿನವ್ರೂ ಅದನ್ನ ಅಂದ್ರು.

ಅವ್ರ ಹೆದರಿಕಿಗೂ ಕಾರಣ ಇತ್ತು. ಬಾಜೂ ಊರಾಗ ಒಬ್ರು ಇಂಥಾದ್ದ ಪಂಪಿಗೆ ಅಫಿನಿಟಿ ಲಾ ನೇರ ಹಚ್ಚಿದ್ರು. ಇಂಪೆಲ್ಲರ್ ಡಯಾ ಇಲ್ಲಾ ಸ್ಪೀಡ್ ಇಳಿದಷ್ಟ ಪಾಲು ನೀರ ಇಳೀತೈತಿ, ಹೆಡ್ ಅದರ ವರ್ಗಕ್ಕ ತಕ್ಕಂಗ ಇಳೀತೈತಿ ಅನ್ನೋದು ಆ ಲಾ. ಬರೋದು 25 ಲೀಟರ್, ಬೇಕಾದ್ದು 20, ಅಂದ್ರ ಡಯಾ 20 ಪರ್ಸೆಂಟ್ ಕಡಿಮಿ ಮಾಡು ಅಂತ ಕೊಯ್ಸಿದ್ರು. ಬಂದದ್ದು 16 ಲೀಟರ್ ಚಿಲ್ರಿ. ಹೊಸ ಇಂಪೆಲ್ಲರ್ ತರಬೇಕಾತು.

ತಪ್ಪು ಲಾದಾಗ ಇಲ್ಲ. ಲಾ ಹೇಳೋದು ಪಂಪ್ ಕರ್ವ್, ಅಂದ್ರ ಎಷ್ಟು ನೀರಿಗೆ ಪಂಪ್ ಎಷ್ಟು ಹೆಡ್ ಕೊಡತೈತಿ ಅನ್ನೋ ಗೆರಿ, ಹ್ಯಾಂಗ ಸರೀತೈತಿ ಅಂತ ಅಷ್ಟ. ಪೈಪ್‌ಲೈನ್ ಕರ್ವ್ ಅಂದ್ರ ಅಷ್ಟು ನೀರಿಗೆ ಲೈನ್ ಎಷ್ಟು ಹೆಡ್ ಬೇಡತೈತಿ ಅನ್ನೋದು. ನೀರ ಎಷ್ಟು ಬರ್ತೈತಿ ಅನ್ನೋದನ್ನ ಆ ಸರದ ಕರ್ವ್ ನಿಮ್ಮ ಪೈಪ್‌ಲೈನ್ ಕರ್ವನ್ನ ಎಲ್ಲಿ ಕೂಡತೈತಿ ಅನ್ನೋದು ಹೇಳತೈತಿ, ಮತ್ತ ಪೈಪ್‌ಲೈನ್ ಕರ್ವ್ ಸೊನ್ನೆಯಿಂದ ಸುರು ಆಗಂಗಿಲ್ಲ, ಎತ್ತರದಿಂದ ಸುರು ಆಕ್ಕೈತಿ. ಎತ್ತರ ಇಂಪೆಲ್ಲರ್ ಕೊಯ್ದ್ರ ಕಡಿಮಿ ಆಕ್ಕೈತೇನ್ರಿ?

ಅದಕ್ಕ ಮೊದ್ಲ ಲೈನಿನ ಕರ್ವ್ ತಗೊಂಡೆ. ನೀರ ವಾಪಸ್ ಬರದಂಗ ತಡಿಯೋ ಎನ್‌ಆರ್‌ವಿ ದಾಟಿ ಒಂದು ಗೇಜ್ ಹಾಕಿ ಪಂಪ್ ಬಂದ್ ಮಾಡಿದ್ರ ಪೈಪಿನಾಗ ನಿಂತ ನೀರಿನ ಎತ್ತರ ಅದ ತೋರಸ್ತೈತಿ, 1.6 ಕೆಜಿ ಇತ್ತು, ಅಂದ್ರ 16 ಮೀಟರ್, ಕೆಳಗ ಹೊಳಿ ನೀರಿನ ಮಟ್ಟದ ತನಕ 4 ಮೀಟರ್, ಒಟ್ಟು 20. ವಾಲ್ವ್ ಪೂರ್ತಿ ತೆಗೆದು ಓಡಿಸಿದಾಗ ಅದ ಗೇಜ್ 2.8ಕ್ಕ ಬಂತು, ಅಂದ್ರ ತಿಕ್ಕಾಟಕ್ಕ 12 ಮೀಟರ್, ಸಕ್ಷನ್ ಹಿಡದ್ರ 13ರ ಹತ್ರ. ಮ್ಯಾಲಿನ 10 ಬೈ 10 ಫೂಟ್ ಸಿಮೆಂಟ್ ಟಾಕಿ ಒಂದ್ ಫೂಟ್ ಏರಾಕ ಎರಡು ನಿಮಿಷಕ್ಕಿಂತ ಸ್ವಲ್ಪ ಕಡಿಮಿ, ಅಂದ್ರ 25 ಲೀಟರ್. ತಿಕ್ಕಾಟ ನೀರಿನ ವರ್ಗಕ್ಕ ತಕ್ಕಂಗ ಇರೋದ್ರಿಂದ H = 20 + 0.02Q² ಅಂತ ಬಂತು, H ಅಂದ್ರ ಹೆಡ್, Q ಅಂದ್ರ ಸೆಕೆಂಡಿಗೆ ಬರೋ ಲೀಟರ್. ನಮಗ ಬೇಕಾದ 20 ಲೀಟರಿಗೆ 28 ಮೀಟರ್ ಸಾಕು. 42 ಮೀಟರಿನ ಪಂಪ್ ಯಾಕ್ ಬೇಕಿತ್ತು!

ಪಂಪ್ ಕರ್ವ್ ಹಾಳಿ ಅಂಗಡ್ಯಾಗ ಸಿಗಲಿಲ್ಲ. ಪಂಪಿಗೂ ವಾಲ್ವಿಗೂ ನಡುವ ಗೇಜ್ ಹಾಕಿ, ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ಚಿಕೋತ ಪ್ರೆಶರ್, ಆಂಪ್ಸ್, ಟಾಕಿ ಏರೋ ಟೈಮ್ ಬರಕೊಂಡೆ. ಪೂರ್ತಿ ಮುಚ್ಚಿದ್ದು ಕೆಲವ ಸೆಕೆಂಡ್ ಅಷ್ಟ, ಇಲ್ಲಾಂದ್ರ ಕೇಸಿಂಗಿನಾಗ ನೀರ ಕುದೀತೈತಿ. ಪೂರ್ತಿ ಮುಚ್ಚಿದಾಗ ಸುಮಾರು 52 ಮೀಟರ್ ಬಂತು.

ಈಗ ಮುಖ್ಯ ಮಾತು. ಅಫಿನಿಟಿ ಲೆಕ್ಕ ಹಚ್ಚೋದು 25 ಲೀಟರಿನ ಪಾಯಿಂಟಿಗಲ್ಲ. 20 ಲೀಟರ್, 28 ಮೀಟರ್ ಪಾಯಿಂಟಿನಿಂದ ಸೊನ್ನೆಗೆ ಹೋಗೋ ಪ್ಯಾರಾಬೋಲಾ ಎಳೀರಿ, H = 0.07Q². ಅದು ಹಳೇ ಪಂಪ್ ಕರ್ವನ್ನ ಕೂಡಿದ್ದು 23 ಲೀಟರ್ ಹತ್ರ. 20 ಭಾಗ 23, 0.87. 200 ಎಂಎಂ ಇಂಪೆಲ್ಲರ್ 175 ಆಗಬೇಕು, 160 ಅಲ್ಲ.

ಆದ್ರೂ 175ಕ್ಕ ನಾನು ಕೊಯ್ಸಲಿಲ್ಲ, 182ಕ್ಕ ನಿಲ್ಸಿದೆ. ಟ್ರಿಮ್ ಮಾಡಿದಾಗ ಇಂಪೆಲ್ಲರಿಗೂ ಕೇಸಿಂಗಿಗೂ ಸಂದು ಹೆಚ್ಚಾಗಿ ಹೆಡ್ ಲೆಕ್ಕಕ್ಕಿಂತ ಜಾಸ್ತಿ ಬೀಳತೈತಿ, ಸ್ಪೀಡ್ ಇಳಿಸಿದಂಗ ಅಚ್ಚುಕಟ್ಟಾಗಿ ಇರಂಗಿಲ್ಲ. 182ಕ್ಕ ಲೆಕ್ಕ 21.5 ಲೀಟರ್ ಹೇಳ್ತಿತ್ತು, ಬಂದದ್ದು 20ರ ಮ್ಯಾಲ ಚೂರು. ಅಲ್ಲೇ ಸಾಕು ಅಂದೆ. 

ಈಗ ಆಂಪ್ಸ್ 17. ವಾಲ್ವ್ ಪೂರ್ತಿ ತೆಗೆದೈತಿ. ಮುಚ್ಚಿ ಓಡಿಸ್ತಿದ್ದದ್ದಕ್ಕಿಂತ ಹೆಚ್ಚುಕಮ್ಮಿ 3 ಕಿಲೋವ್ಯಾಟ್ ಉಳೀತು, ಕರೆಂಟ್ 7 ತಾಸು ಇದ್ರ ದಿನಕ್ಕ 20 ಯೂನಿಟ್. 10 ಎಚ್‌ಪಿ ಮ್ಯಾಲಿನ ಪಂಪಿಗೆ ಬಿಲ್ ಕಟ್ಟಬೇಕಲ್ಲ, ಆ ಲೆಕ್ಕಕ್ಕ ಇದು ಬಾಳ. ಲೇತ್, ಬ್ಯಾಲೆನ್ಸಿಂಗ್, ಗೇಜ್ ಎಲ್ಲಾ ಸೇರಿ ಎರಡು ಸಾವಿರದೊಳಗ ಮುಗೀತು. ಬ್ಯಾಲೆನ್ಸಿಂಗ್ ಬೆಳಗಾವಿ ಉದ್ಯಮಬಾಗದಾಗ ಮಾಡಿಸಿದೆ, ಅದನ್ನ ಬಿಡಬ್ಯಾಡ್ರಿ, ಬೇರಿಂಗ್ ಹೋಕ್ಕಾವು.

ಕೊಯ್ಯೋಕಿಂತ ಮೊದ್ಲ ಗೆಳ್ಯಾನ ಮೋಟರ್ ಸ್ಪೀಡ್ ಏರಿಸಿ ಇಳಿಸೋ ವಿಎಫ್‌ಡಿ ತಂದು ಆಡಿ ನೋಡಿದ್ದೆ. 40 ಹರ್ಟ್ಸಿಗೆ 16 ಲೀಟರ್, 35ಕ್ಕ 10ರ ಆಸುಪಾಸು, 30ಕ್ಕ ಮೋಟರ್ ಗರಗರ ತಿರಗತೈತಿ, ಮ್ಯಾಲ ಒಂದು ಹನಿ ಇಲ್ಲ. 52 ಮೀಟರಿನ ಪಂಪ್ 30 ಹರ್ಟ್ಸಿಗೆ 19 ಮೀಟರಿಗಷ್ಟ ಎತ್ತತೈತಿ, ನಮ್ಮ ಎತ್ತರ 20. ಕೊಯ್ಯೋ ಮುಂಚೆ ಮಾಲಕ್ರಿಗೆ ಕಣ್ಣಾರೆ ತೋರ್ಸಿದ್ದು ಇದನ್ನ, ಆಮ್ಯಾಲ ಅವರ ಒಪ್ಪಿದ್ರು.

ಬ್ಯಾಸಿಗ್ಯಾಗ ಹೊಳಿ 2 ಮೀಟರ್ ಇಳಿದ್ರ ಒಂದು ಲೀಟರಷ್ಟು ನೀರ ಕಡಿಮಿ ಆಕ್ಕೈತಿ, ಆಂಪ್ಸೂ ಇಳೀತೈತಿ, ಹೆದರೋ ಕೆಲಸ ಇಲ್ಲ. ಮಳಿಗಾಲದಾಗ ಹೊಳಿ ಏರಿದಾಗ ಉಲ್ಟಾ, ಆಂಪ್ಸ್ ಏರ್ತೈತಿ, ಆಗ ಒಂದ್ಸಲ ಕ್ಲ್ಯಾಂಪ್ ಮೀಟರ್ ಹಚ್ಚಿ ನೋಡ್ರಿ.