ಕ್ರೀಡಾಕೂಟಕ್ಕೆ ಹೋಗಲು ಪ್ರಾಂಶುಪಾಲರಿಗೆ ನಾನು ಬರೆದ ಪತ್ರ

ನಾನು ಗುಬ್ಬಿಯವಳು. ತುಮಕೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಓದಿದೆ. 800 ಮೀಟರ್ ಓಟ ನನ್ನದು. ಬೆಳಿಗ್ಗೆ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡಿ, ಅಲ್ಲಿಂದಲೇ ಕಾಲೇಜಿಗೆ ಹೋಗುತ್ತಿದ್ದೆ. ಎರಡನೇ ಪಿಯುಸಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಮೊದಲ ಸ್ಥಾನ ಬಂತು. ಶಿವಮೊಗ್ಗದಲ್ಲಿ ನಡೆಯುವ ರಾಜ್ಯ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾದೆ. ಅದಕ್ಕೆ ಹೋಗಲು ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಬೇಕಿತ್ತು. ಆ ಪತ್ರವನ್ನು ಎರಡು ಸಲ ಬರೆದೆ. ಮೊದಲನೆಯದು ವಾಪಸ್ ಬಂತು.

ಮೊದಲು ಬರೆದದ್ದು ಹೀಗಿತ್ತು: "ನಾನು ರಾಜ್ಯ ಮಟ್ಟದ ಕ್ರೀಡಾಕೂಟದಲ್ಲಿ ಭಾಗವಹಿಸುತ್ತಿರುವುದರಿಂದ ನನಗೆ ಮೂರು ದಿನ ರಜೆ ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ." ಶಾಲೆಯಲ್ಲಿ ಕಲಿತ ರಜಾ ಅರ್ಜಿ ಅದೇ ಅಲ್ವಾ? ಜ್ವರ ಬಂದರೂ ಅದೇ, ಅಕ್ಕನ ಮದುವೆಗೂ ಅದೇ. ಕಾರಣ ಮಾತ್ರ ಬದಲಾಯಿಸಿ ಬರೆದಿದ್ದೆ.

ಪ್ರಾಂಶುಪಾಲರು ಅದನ್ನು ಓದಿ ನನ್ನ ಮುಂದಿಟ್ಟರು. "ರಜೆ ಬೇಕೋ, ಹಾಜರಾತಿ ಬೇಕೋ?" ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ರಜೆ ಅಂದರೆ ಗೈರುಹಾಜರಿ ಅಂತಲೇ ರಿಜಿಸ್ಟರ್‌ನಲ್ಲಿ ಬೀಳುತ್ತೆ ಕಣಮ್ಮ. ನಿನ್ನ ಹಾಜರಾತಿ ಎಷ್ಟಿದೆ ನೋಡಿಕೊಂಡು ಬಾ" ಎಂದರು.

ಹೋಗಿ ನೋಡಿದೆ. ಪಿಯು ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು ಎಂದು ಎಲ್ಲರಿಗೂ ಗೊತ್ತು. ನಮ್ಮ ಕಾಲೇಜಿನಲ್ಲಿ ಅದನ್ನು ವಿಷಯವಾರು ಲೆಕ್ಕ ಹಾಕುತ್ತಿದ್ದರು. ಭೌತಶಾಸ್ತ್ರದಲ್ಲಿ ಅಲ್ಲಿಯವರೆಗೆ 48 ತರಗತಿ ನಡೆದಿದ್ದವು, ನಾನು 37ಕ್ಕೆ ಹಾಜರಿದ್ದೆ. ಅಂದರೆ ಶೇ. 77. ಪರವಾಗಿಲ್ಲ ಅನ್ನಿಸಿತು. ಆಮೇಲೆ ಮುಂದಿನ ಲೆಕ್ಕ ಹಾಕಿದೆ. ಶಿವಮೊಗ್ಗಕ್ಕೆ ಹೋದ ದಿನಗಳಲ್ಲಿ ಇನ್ನೂ 4 ತರಗತಿ ನಡೆಯುತ್ತವೆ. ಆಗ 52ರಲ್ಲಿ 37. ಶೇ. 71ಕ್ಕೆ ಇಳಿಯುತ್ತೆ. ಅದೇ ನಾಲ್ಕು ತರಗತಿಗೆ ಹಾಜರಾತಿ ಕೊಟ್ಟರೆ 52ರಲ್ಲಿ 41, ಶೇ. 78ಕ್ಕೂ ಜಾಸ್ತಿ. ಎರಡೂ ಲೆಕ್ಕವನ್ನು ನೋಟ್‌ಬುಕ್‌ನ ಕೊನೆ ಹಾಳೆಯಲ್ಲಿ ಬರೆದು ನೋಡಿದಾಗ ಪ್ರಾಂಶುಪಾಲರ ಪ್ರಶ್ನೆ ಅರ್ಥವಾಯಿತು.

ತಪ್ಪಿಸಿಕೊಂಡಿದ್ದ ಆ 11 ತರಗತಿಗಳಲ್ಲಿ ಆರು ಜ್ವರಕ್ಕೆ ಹೋಗಿದ್ದವು. ಉಳಿದ ಐದು ತಾಲ್ಲೂಕು ಮತ್ತು ಜಿಲ್ಲಾ ಕ್ರೀಡಾಕೂಟದ್ದು. ಆಗ ನಾನು ಪತ್ರ ಬರೆದೇ ಇರಲಿಲ್ಲ. ಪಿಟಿ ಮೇಡಂ ಕರೆದುಕೊಂಡು ಹೋಗಿದ್ದರು, ಕಾಲೇಜಿನ ಹೆಸರಿನಲ್ಲೇ ಓಡಿದ್ದೆ, ಹಾಗಾಗಿ ಹಾಜರಾತಿ ತಾನಾಗಿಯೇ ಸಿಗುತ್ತೆ ಎಂದುಕೊಂಡಿದ್ದೆ. ಆದರೆ ತರಗತಿಯಲ್ಲಿ ಹೆಸರು ಕೂಗುವ ಉಪನ್ಯಾಸಕರಿಗೆ ಅದು ಹೇಗೆ ಗೊತ್ತಾಗಬೇಕು? ಬೆಂಚಿನಲ್ಲಿ ನಾನಿಲ್ಲ, ಮೇಜಿನ ಮೇಲೆ ಕಾಗದವೂ ಇಲ್ಲ. ಗೈರುಹಾಜರಿ ಎಂದು ಹಾಕಿದರು. ಆ ಐದನ್ನು ಆಮೇಲೆ ಸರಿಪಡಿಸಲು ಕೇಳಿದೆ, ಆಗಲಿಲ್ಲ. ಮೊದಲೇ ಅನುಮತಿ ಪಡೆದ ದಾಖಲೆ ಇಲ್ಲ ಎಂದರು. ಅವರದು ತಪ್ಪು ಎನ್ನಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಎರಡನೇ ಪತ್ರಕ್ಕೆ ಮೊದಲು ದಿನಗಳನ್ನು ಸರಿಯಾಗಿ ಎಣಿಸಿದೆ. ಕ್ರೀಡಾಕೂಟ ಗುರುವಾರದಿಂದ ಶನಿವಾರದವರೆಗೆ, ನವೆಂಬರ್ 23ರಿಂದ 25. ಅದಕ್ಕೇ ಮೊದಲು ಮೂರು ದಿನ ಎಂದು ಬರೆದಿದ್ದೆ. ಆದರೆ ಸುತ್ತೋಲೆಯಲ್ಲಿ ಹಿಂದಿನ ದಿನ ಸಂಜೆ 5ರೊಳಗೆ ವರದಿ ಮಾಡಿಕೊಳ್ಳಬೇಕು ಎಂದಿತ್ತು. ತುಮಕೂರಿನಿಂದ ರೈಲಿನಲ್ಲಿ ಅರಸೀಕೆರೆ, ಬೀರೂರು ದಾಟಿ ಶಿವಮೊಗ್ಗ ಸೇರಬೇಕು. ಬುಧವಾರ ಬೆಳಿಗ್ಗೆಯೇ ಹೊರಡಬೇಕಿತ್ತು. ವಾಪಸ್ ಬರುವುದು ಭಾನುವಾರ, ಅದು ಲೆಕ್ಕಕ್ಕಿಲ್ಲ. ಹಾಗಾಗಿ ನಿಜವಾಗಿ ತಪ್ಪುವುದು ನಾಲ್ಕು ದಿನ. ಮೂರು ಎಂದು ಬರೆದಿದ್ದರೆ ಬುಧವಾರದ್ದು ಗೈರುಹಾಜರಿಯಾಗಿ ಉಳಿಯುತ್ತಿತ್ತು. ನನ್ನ ಗೆಳತಿಯೊಬ್ಬಳಿಗೆ ಖೊಖೊ ಪಂದ್ಯಕ್ಕೆ ಹೋದಾಗ ಹೀಗೇ ಆಗಿತ್ತು.

ಆಮೇಲೆ ವೇಳಾಪಟ್ಟಿ ತೆಗೆದು ಆ ನಾಲ್ಕು ದಿನಗಳಲ್ಲಿ ಏನೇನಿದೆ ಎಂದು ನೋಡಿದೆ. ತರಗತಿಯ ಪಾಠವನ್ನು ನೋಟ್ಸ್ ಪಡೆದು ಓದಿಕೊಳ್ಳಬಹುದು. ಎರಡು ಮಾತ್ರ ಹಾಗಲ್ಲ. ಗುರುವಾರ ನಮ್ಮ ಬ್ಯಾಚಿನ ಭೌತಶಾಸ್ತ್ರ ಪ್ರಾಕ್ಟಿಕಲ್. ಶುಕ್ರವಾರ ರಸಾಯನಶಾಸ್ತ್ರದ ಕಿರು ಪರೀಕ್ಷೆ. ಇವೆರಡನ್ನೂ ಪ್ರಾಂಶುಪಾಲರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಪತ್ರ ಬರೆಯುವ ಮೊದಲೇ ಆ ಉಪನ್ಯಾಸಕರ ಹತ್ತಿರ ಹೋದೆ. ಇನ್ನೊಂದು ಬ್ಯಾಚಿಗೆ ಅದೇ ಪ್ರಯೋಗ ಮಂಗಳವಾರ ಇತ್ತು. "ಅವರ ಜೊತೆ ಬಂದು ಮಾಡು, ರೆಕಾರ್ಡ್ ತರೋದು ಮರೀಬೇಡ" ಎಂದರು ಭೌತಶಾಸ್ತ್ರದ ಸರ್. ರಸಾಯನಶಾಸ್ತ್ರದ ಮೇಡಂ ಬಂದ ಮೇಲೆ ಬೇರೆ ಪ್ರಶ್ನೆಪತ್ರಿಕೆ ಕೊಡುತ್ತೇನೆ ಎಂದರು. ಇದು ಅವರ ಕೈಯಲ್ಲಿದ್ದ ವಿಷಯ, ಹಾಗಾಗಿ ಆಯಿತು. ಬೋರ್ಡಿನ ಪ್ರಾಕ್ಟಿಕಲ್ ಪರೀಕ್ಷೆ ಆ ದಿನ ಇದ್ದಿದ್ದರೆ ಯಾವ ಪತ್ರದಿಂದಲೂ ಅದನ್ನು ಕಾಲೇಜಿನೊಳಗೇ ಮುಂದೂಡಲು ಆಗುತ್ತಿರಲಿಲ್ಲ.

ಕೊನೆಗೆ ಬರೆದ ಪತ್ರ ಇದು. ಹೆಸರು, ಕಾಲೇಜಿನ ವಿವರ ಬಿಟ್ಟಿದ್ದೇನೆ.

ಇಂದ,
(ಹೆಸರು), ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ, (ನೋಂದಣಿ ಸಂಖ್ಯೆ)

ಗೆ,
ಪ್ರಾಂಶುಪಾಲರು, (ಕಾಲೇಜಿನ ಹೆಸರು), ತುಮಕೂರು

ಮೂಲಕ: ದೈಹಿಕ ಶಿಕ್ಷಣ ಉಪನ್ಯಾಸಕರು

ಮಾನ್ಯರೇ,

ವಿಷಯ: ರಾಜ್ಯ ಮಟ್ಟದ ಕ್ರೀಡಾಕೂಟದಲ್ಲಿ ಭಾಗವಹಿಸಲು ನವೆಂಬರ್ 22ರಿಂದ 25ರವರೆಗೆ ಅನುಮತಿ ಮತ್ತು ಆ ದಿನಗಳ ಹಾಜರಾತಿ ಕೋರಿ.

ಉಲ್ಲೇಖ: ಜಿಲ್ಲಾ ತಂಡದ ಆಯ್ಕೆ ಪಟ್ಟಿ ಮತ್ತು ಕ್ರೀಡಾಕೂಟದ ಸುತ್ತೋಲೆ.

ಜಿಲ್ಲಾ ಮಟ್ಟದ ಪದವಿ ಪೂರ್ವ ಕಾಲೇಜುಗಳ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ನಾನು ಪ್ರಥಮ ಸ್ಥಾನ ಪಡೆದು, ಶಿವಮೊಗ್ಗದಲ್ಲಿ ನಡೆಯುವ ರಾಜ್ಯ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾಗಿದ್ದೇನೆ. ಸ್ಪರ್ಧೆಗಳು 23ರಿಂದ 25ರವರೆಗೆ ನಡೆಯುತ್ತವೆ. 22ರ ಸಂಜೆ 5ರೊಳಗೆ ವರದಿ ಮಾಡಿಕೊಳ್ಳಬೇಕಿರುವುದರಿಂದ ಅಂದು ಬೆಳಿಗ್ಗೆ ಜಿಲ್ಲಾ ತಂಡದೊಂದಿಗೆ ಹೊರಡಬೇಕಿದೆ. 27ರ ಸೋಮವಾರ ತರಗತಿಗೆ ಹಾಜರಾಗುತ್ತೇನೆ.

23ರ ಭೌತಶಾಸ್ತ್ರ ಪ್ರಾಯೋಗಿಕ ತರಗತಿಯನ್ನು 21ರಂದು ಬೇರೆ ಬ್ಯಾಚಿನೊಂದಿಗೆ ಮುಗಿಸಲು ಹಾಗೂ 24ರ ರಸಾಯನಶಾಸ್ತ್ರ ಕಿರು ಪರೀಕ್ಷೆಯನ್ನು 28ರಂದು ಬರೆಯಲು ಸಂಬಂಧಪಟ್ಟ ಉಪನ್ಯಾಸಕರು ಒಪ್ಪಿದ್ದಾರೆ.

ಆದ್ದರಿಂದ ಈ ನಾಲ್ಕು ದಿನ ಕ್ರೀಡಾಕೂಟಕ್ಕೆ ತೆರಳಲು ಅನುಮತಿ ನೀಡಿ, ಭಾಗವಹಿಸಿದ ದಾಖಲೆ ಸಲ್ಲಿಸಿದ ನಂತರ ಹಾಜರಾತಿ ನೀಡಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ ವಿದ್ಯಾರ್ಥಿನಿ
(ಸಹಿ)

ಪೋಷಕರ ಒಪ್ಪಿಗೆ ಮತ್ತು ಸಹಿ:
ಲಗತ್ತು: ಆಯ್ಕೆ ಪಟ್ಟಿ, ಸುತ್ತೋಲೆ.

ಇದರಲ್ಲಿ ನಾನು ಜಾಸ್ತಿ ಯೋಚಿಸಿ ಬರೆದದ್ದು ವಿಷಯದ ಸಾಲು. ಮೊದಲ ಪತ್ರದಲ್ಲಿ "ರಜೆ ಕೋರಿ" ಎಂದಿತ್ತು. ಈಗ ಅನುಮತಿ ಮತ್ತು ಹಾಜರಾತಿ ಎರಡನ್ನೂ ಕೇಳಿದೆ. ಇಡೀ ಪತ್ರದಲ್ಲಿ ರಜೆ ಎಂಬ ಪದ ಒಂದು ಕಡೆಯೂ ಬರದಂತೆ ನೋಡಿಕೊಂಡೆ. ದಾಖಲೆ ಕೊಟ್ಟ ನಂತರ ಹಾಜರಾತಿ ಕೊಡಿ ಎಂದು ನಾನೇ ಬರೆದದ್ದು ಪಿಟಿ ಮೇಡಂ ಹೇಳಿಕೊಟ್ಟದ್ದು. ಕ್ರೀಡೆಯ ಹೆಸರು ಹೇಳಿ ಬೇರೆ ಕಡೆ ಹೋಗುವವರೂ ಇರುತ್ತಾರೆ. ಆ ಅನುಮಾನಕ್ಕೆ ಜಾಗವೇ ಇರಬಾರದು ಎಂದರು. ಜಿಲ್ಲೆಯಲ್ಲಿ ಗೆದ್ದದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ಮೊದಲು ಹೈಸ್ಕೂಲಿನ ಪದಕಗಳನ್ನೆಲ್ಲ ಬರೆದಿದ್ದೆ, ಮೇಡಂ ಗೆರೆ ಎಳೆದು ಹೊಡೆದರು. ಅನುಮತಿ ಸಿಗುವುದು ಆಯ್ಕೆ ಪಟ್ಟಿಯಲ್ಲಿ ಹೆಸರಿರುವುದರಿಂದ.

ಅಪ್ಪನ ಸಹಿ ಬೇಕೇಬೇಕಿತ್ತು. ನನಗೆ 18 ತುಂಬಿರಲಿಲ್ಲ, ನಾಲ್ಕು ರಾತ್ರಿ ಹೊರಗೆ ಉಳಿಯಬೇಕಿತ್ತು. ಅಪ್ಪ ಸಹಿ ಹಾಕುವ ಮುಂಚೆ ಪತ್ರವನ್ನು ಪೂರ್ತಿ ಓದಿದರು. ಜೊತೆಗೆ ಯಾವ ಮೇಡಂ ಬರುತ್ತಾರೆ, ಎಲ್ಲಿ ಉಳಿಸುತ್ತಾರೆ ಎಂದು ಕೇಳಿದರು. ತಂಡದ ಮ್ಯಾನೇಜರ್ ಮೇಡಂ ಫೋನ್ ನಂಬರ್ ಬರೆದುಕೊಟ್ಟ ಮೇಲೆ ಸಹಿ ಮಾಡಿದರು.

ಪತ್ರವನ್ನು ನೇರವಾಗಿ ಪ್ರಾಂಶುಪಾಲರ ಕೊಠಡಿಗೆ ಒಯ್ಯಲಿಲ್ಲ. ಮೊದಲು ಪಿಟಿ ಮೇಡಂ "ಶಿಫಾರಸ್ಸು ಮಾಡಲಾಗಿದೆ" ಎಂದು ಬರೆದು ಸಹಿ ಹಾಕಿದರು. ಆಮೇಲೆ ತರಗತಿ ಶಿಕ್ಷಕರು. ನಂತರ ಆಫೀಸು. ಎರಡು ಪ್ರತಿ ಒಯ್ದಿದ್ದೆ. ಒಂದನ್ನು ಅವರು ಇಟ್ಟುಕೊಂಡರು, ಇನ್ನೊಂದಕ್ಕೆ ದಿನಾಂಕ ಹಾಕಿ ಸೀಲ್ ಒತ್ತಿ ನನಗೆ ಕೊಟ್ಟರು. ಹೊರಡಲು ಇನ್ನೂ ಎಂಟು ದಿನ ಇತ್ತು. ಪ್ರಾಂಶುಪಾಲರು ಪತ್ರದ ಅಂಚಿನಲ್ಲಿ "ಅನುಮತಿಸಿದೆ, ಪ್ರಮಾಣಪತ್ರ ನೋಡಿ ಹಾಜರಾತಿ ನೀಡುವುದು" ಎಂದು ಬರೆದು ಸಹಿ ಮಾಡಿದರು. ಅದರ ಜೆರಾಕ್ಸ್ ಮಾಡಿಸಿ ಒಬ್ಬೊಬ್ಬ ಉಪನ್ಯಾಸಕರಿಗೂ ಒಂದೊಂದು ಕೊಟ್ಟೆ. ಆಫೀಸಿನಿಂದ ಅವರಿಗೆ ಸುದ್ದಿ ಹೋಗುತ್ತೆ ಎಂದು ಈ ಸಲ ಸುಮ್ನೆ ಕೂರಲಿಲ್ಲ.

ಶಿವಮೊಗ್ಗದಲ್ಲಿ ಹೀಟ್ಸ್ ದಾಟಿ ಫೈನಲ್‌ಗೆ ಬಂದೆ. ಐದನೆಯವಳಾಗಿ ಮುಗಿಸಿದೆ. ಹೊರಡುವ ದಿನ ಒಂದು ತೊಡಕು ಬಂತು. ಭಾಗವಹಿಸಿದವರ ಪ್ರಮಾಣಪತ್ರ ಇನ್ನೂ ಬರೆದು ಮುಗಿದಿಲ್ಲ, ಕಾಲೇಜಿಗೆ ಕಳಿಸುತ್ತೇವೆ ಎಂದರು. ನನಗೆ ಪ್ರಾಂಶುಪಾಲರು ಬರೆದ ಆ ಸಾಲು ನೆನಪಾಯಿತು. ಪ್ರಮಾಣಪತ್ರ ಯಾವಾಗ ಬರುತ್ತೋ, ಅಷ್ಟರಲ್ಲಿ ತಿಂಗಳ ಹಾಜರಾತಿ ಮುಗಿಸಿಬಿಟ್ಟರೆ? ಮ್ಯಾನೇಜರ್ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ತಂಡದ ಎಲ್ಲರ ಹೆಸರು, ಕಾಲೇಜು, 22ರಿಂದ 25ರವರೆಗಿನ ದಿನಾಂಕ ಬರೆದು, ಸಂಘಟಕರಿಂದ ಸಹಿ, ಸೀಲ್ ಹಾಕಿಸಿ ಒಂದು ಹಾಜರಾತಿ ಪತ್ರ ಮಾಡಿಸಿಕೊಟ್ಟರು. ಎಲ್ಲರೂ ಅದನ್ನು ಜೆರಾಕ್ಸ್ ಮಾಡಿಸಿಕೊಂಡೆವು.

ಸೋಮವಾರ ಅದನ್ನು ಒಂದು ಚಿಕ್ಕ ಪತ್ರದ ಜೊತೆ ಆಫೀಸಿಗೆ ಕೊಟ್ಟೆ. ಎರಡೇ ಸಾಲು: ತಾವು ಅನುಮತಿಸಿದಂತೆ ಕ್ರೀಡಾಕೂಟದಲ್ಲಿ ಭಾಗವಹಿಸಿ ಬಂದಿದ್ದೇನೆ, ದಾಖಲೆ ಲಗತ್ತಿಸಿದೆ, ಹಾಜರಾತಿ ನೀಡಬೇಕೆಂದು ಕೋರುತ್ತೇನೆ. ಮೂಲ ಪ್ರಮಾಣಪತ್ರ ಬಂದದ್ದು ಡಿಸೆಂಬರ್ ಮಧ್ಯದಲ್ಲಿ. ಅಷ್ಟರಲ್ಲಿ ಭೌತಶಾಸ್ತ್ರದ ಸರ್ ರಿಜಿಸ್ಟರ್ ತೆರೆದು, ನನ್ನ ಹೆಸರಿನ ಮುಂದೆ ನಾಲ್ಕು ಚೌಕದಲ್ಲಿ ಕೆಂಪು ಶಾಯಿಯಲ್ಲಿ "ಒಡಿ", ಅಂದರೆ ಆನ್ ಡ್ಯೂಟಿ, ಎಂದು ಬರೆದಾಗಿತ್ತು. ಮಂಗಳವಾರ ರಸಾಯನಶಾಸ್ತ್ರದ ಪರೀಕ್ಷೆಯನ್ನೂ ಬರೆದೆ, ಸ್ಟಾಫ್ ರೂಮಿನ ಮೂಲೆಯಲ್ಲಿ ಒಬ್ಬಳೇ ಕೂತು.